ಒಂದೇ ಸಲವೋ, ಕಂತಿನಲ್ಲೋ: ಚಾರ್ಟಿನ ಮಟ್ಟ ನೋಡಿ ಕೊಳ್ಳುವವರ ಲೆಕ್ಕ

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ತಿಂಗಳ ಸಂಬಳದಲ್ಲಿ ಐದು ಸಾವಿರ ಉಳಿಸಿ ಅದನ್ನು ಪ್ರತಿ ತಿಂಗಳು ಇಂಡೆಕ್ಸ್ ಫಂಡಿಗೆ ಹಾಕುವವರ ಮುಂದೆ ಒಂದೇ ಸಲವೋ ಕಂತಿನಲ್ಲೋ ಎಂಬ ಪ್ರಶ್ನೆಯೇ ಇಲ್ಲ. ಅವರು ಕೈಗೆ ಬಂದ ಹಣವನ್ನು ಬಂದ ತಿಂಗಳೇ ಪೂರ್ತಿಯಾಗಿ ಹಾಕುತ್ತಿದ್ದಾರೆ; ಅದನ್ನು ಎಸ್‌ಐಪಿ ಎಂದು ಕರೆದರೂ ಸ್ವಭಾವದಲ್ಲಿ ಅದು ಸಣ್ಣ ಸಣ್ಣ ಲಂಪ್‌ಸಮ್, ಅಂದರೆ ಇದ್ದ ಹಣವನ್ನು ಒಂದೇ ಸಲ ಹಾಕುವುದು. ಪ್ರಶ್ನೆ ಹುಟ್ಟುವುದು ಹಣ ಒಟ್ಟಾಗಿ ಬಂದವರಿಗೆ. ನಮ್ಮ ಕಾಸರಗೋಡಿನಲ್ಲಿ ಅಂಥವರು ಕಡಿಮೆಯಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟು ಪರಿಹಾರ ಪಡೆದವರಿದ್ದಾರೆ, ನಿವೃತ್ತಿಯ ಹಣ ಕೈಗೆ ಬಂದ ಮಾಸ್ತರರಿದ್ದಾರೆ, ಗಲ್ಫ್‌ನಿಂದ ಖಾಯಂ ಮರಳಿದವರಿದ್ದಾರೆ. ಅವರ ಹಣ ಸಹಕಾರಿ ಬ್ಯಾಂಕಿನ ಠೇವಣಿಯಲ್ಲಿ ಕುಳಿತಿರುತ್ತದೆ. ಅದರಲ್ಲೊಂದು ಪಾಲನ್ನು ಹತ್ತು ಹದಿನೈದು ವರ್ಷದ ಮಟ್ಟಿಗೆ ಷೇರುಪೇಟೆಗೆ ಹಾಕಬೇಕೆಂದು ಅವರು ತೀರ್ಮಾನಿಸಿಯೂ ಆಗಿದೆ. ಆ ಪಾಲನ್ನು ನಾಳೆಯೇ ಹಾಕುವುದೋ, ಸಮಾನ ಕಂತುಗಳಲ್ಲಿ ಹಾಕುವುದೋ, ಅಥವಾ ಚಾರ್ಟ್ ನೋಡಿ ‘ಇಲ್ಲಿಗೆ ಇಳಿದರೆ ಇಷ್ಟು, ಅಲ್ಲಿಗೆ ಇಳಿದರೆ ಅಷ್ಟು’ ಎಂದು ಮಟ್ಟಗಳನ್ನು ಗೊತ್ತುಮಾಡಿಕೊಂಡು ಹಾಕುವುದೋ ಎಂಬುದು ಇಂದಿನ ವಿಷಯ. ಉದಾಹರಣೆಗೆ ನಿಫ್ಟಿ 50 ಸೂಚ್ಯಂಕವನ್ನೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಒಂದೊಂದೇ ಕಂಪೆನಿಯ ಷೇರಿನಲ್ಲಿ ಇಳಿದ ಬೆಲೆ ಮತ್ತೆ ಏರಿಯೇ ಏರುತ್ತದೆ ಎನ್ನುವ ಭರವಸೆ ಇರುವುದಿಲ್ಲ.

ಕಂತಿನಲ್ಲಿ ಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಡಾಲರ್ ಕಾಸ್ಟ್ ಆವರೇಜಿಂಗ್ ಎನ್ನುತ್ತಾರೆ. ನಾವು ಸರಾಸರಿ ಕಂತು ಎನ್ನೋಣ. ಇದರ ಬಗ್ಗೆ ಏಜೆಂಟರು ಹೇಳುವ ಒಂದು ಲೆಕ್ಕವಿದೆ, ಅದು ಸುಳ್ಳಲ್ಲ, ಆದರೆ ದಾರಿ ತಪ್ಪಿಸುತ್ತದೆ. ಯೂನಿಟ್ಟಿನ ಬೆಲೆ ಮೂರು ತಿಂಗಳಲ್ಲಿ 100, 80, 120 ರೂಪಾಯಿ ಆಯಿತೆನ್ನಿ. ತಿಂಗಳಿಗೆ ಸಾವಿರದಂತೆ ಹಾಕಿದವರಿಗೆ ಮೂರು ಸಾವಿರಕ್ಕೆ 30.83 ಯೂನಿಟ್ ಸಿಗುತ್ತದೆ. ಅಂದರೆ ಬಿದ್ದ ಬೆಲೆ 97.30. ಬೆಲೆಗಳ ಸರಾಸರಿ 100, ನಮಗೆ ಬಿದ್ದದ್ದು ಅದಕ್ಕಿಂತ ಕಡಿಮೆ, ಆದ್ದರಿಂದ ಲಾಭವಾಯಿತು ಎನ್ನುತ್ತಾರೆ. ಈಗ ಬೆಲೆ 100, 110, 120 ಎಂದು ಏರುತ್ತಲೇ ಹೋಯಿತೆನ್ನಿ. ಇಲ್ಲಿಯೂ ನಿಮಗೆ ಬೀಳುವ ಬೆಲೆ 109.40, ಸರಾಸರಿಯಾದ 110ಕ್ಕಿಂತ ಕಡಿಮೆಯೇ. ಆದರೆ ಮೊದಲ ದಿನವೇ ಮೂರು ಸಾವಿರವನ್ನೂ ಹಾಕಿದವರಿಗೆ ಎಲ್ಲ ಯೂನಿಟ್ಟುಗಳೂ 100ಕ್ಕೆ ಸಿಕ್ಕಿವೆ. ಹಣವೆಲ್ಲ ಮೊದಲ ದಿನವೇ ಕೈಯಲ್ಲಿ ಇದ್ದವರು ತಮ್ಮ ಬೆಲೆಯನ್ನು ಹೋಲಿಸಬೇಕಾದದ್ದು ಆ ಮೊದಲ ದಿನದ ಬೆಲೆಯೊಂದಿಗೆ, ನಡುವಿನ ಸರಾಸರಿಯೊಂದಿಗೆ ಅಲ್ಲ.

ಹಾಗೆ ಹೋಲಿಸಿದಾಗ ಫಲಿತಾಂಶ ಹೆಚ್ಚಾಗಿ ಒಂದೇ ಸಲ ಹಾಕಿದವರ ಕಡೆಗೆ ವಾಲುತ್ತದೆ. ವ್ಯಾನ್‌ಗಾರ್ಡ್ ಸಂಸ್ಥೆ 2012ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯದ ಹಳೆಯ ಅಂಕಿಗಳನ್ನು ಇಟ್ಟುಕೊಂಡು ನೋಡಿದಾಗ, ಹನ್ನೆರಡು ತಿಂಗಳ ಕಂತಿಗಿಂತ ಒಂದೇ ಸಲ ಹಾಕಿದ್ದು ಸುಮಾರು ಮೂರರಲ್ಲಿ ಎರಡು ಸಲ ಮುಂದಿತ್ತು. ಇದರಲ್ಲಿ ಗೂಢವೇನೂ ಇಲ್ಲ. ಪೇಟೆ ದೀರ್ಘ ಕಾಲದಲ್ಲಿ ಠೇವಣಿಗಿಂತ ಹೆಚ್ಚು ಬೆಳೆಯುತ್ತದೆ ಎಂಬ ನಂಬಿಕೆಯಿಂದಲೇ ನಾವು ಅಲ್ಲಿಗೆ ಹೋಗುತ್ತೇವೆ. ಅದು ನಿಜವಾದರೆ ಹೊರಗೆ ಕಾಯುವ ಪ್ರತಿ ತಿಂಗಳಿಗೂ ಸರಾಸರಿಯಲ್ಲಿ ನಷ್ಟವೇ. ಕಂತಿನಿಂದ ಸಿಗುವುದು ಹೆಚ್ಚಿನ ಗಳಿಕೆಯಲ್ಲ. ಎಲ್ಲವನ್ನೂ ಶಿಖರದ ದಿನವೇ ಹಾಕಿಬಿಡುವ ಅಪಾಯದಿಂದ ಒಂದಿಷ್ಟು ರಕ್ಷಣೆ, ಮತ್ತು ಅದಕ್ಕೆ ತೆರುವ ಬೆಲೆಯೇ ಈ ನಷ್ಟ.

ಈಗ ಚಾರ್ಟಿನ ಮಾತಿಗೆ ಬರುತ್ತೇನೆ. ಈ ಸಭೆಯಲ್ಲಿ ಅಡಿಕೆ ಬೆಳೆಗಾರರು ಹೆಚ್ಚಿರುವುದರಿಂದ ಇದನ್ನು ವಿವರಿಸುವುದು ಸುಲಭ. ನೀವು ಚಾಲಿಯನ್ನು ಒಣಗಿಸಿ ಅಟ್ಟದಲ್ಲಿ ಇಟ್ಟು, ಇಷ್ಟು ದರ ಬಂದರೆ ಇಷ್ಟು ಗೋಣಿ, ಅದಕ್ಕಿಂತ ಮೇಲೆ ಹೋದರೆ ಇನ್ನಿಷ್ಟು ಎಂದು ಮನಸ್ಸಿನಲ್ಲಿ ಗೊತ್ತುಮಾಡಿ ಕಾಯುತ್ತೀರಿ. ಚಾರ್ಟ್ ನೋಡಿ ಕೊಳ್ಳುವವನು ಮಾಡುವುದೂ ಅದನ್ನೇ, ದಿಕ್ಕು ಮಾತ್ರ ತಿರುಗುಮುರುಗು. ಅವನು ನೋಡುವ ಮಟ್ಟಗಳು ಸಾಮಾನ್ಯವಾಗಿ ಮೂರು ಬಗೆಯವು: ಹಿಂದೆ ಏರಿಕೆ ತಡೆದು ನಿಂತಿದ್ದ ಎತ್ತರ, ಹಿಂದೆ ಕುಸಿತ ನಿಂತು ತಿರುಗಿದ ತಗ್ಗು, ಮತ್ತು 200 ದಿನಗಳ ಸರಾಸರಿ ಗೆರೆ. ಆ ಜಾಗಗಳಲ್ಲಿ ಕೊಳ್ಳುವವರೂ ಮಾರುವವರೂ ಹೆಚ್ಚು ಸೇರುತ್ತಾರೆ ಎನ್ನುವುದು ನಂಬಿಕೆ. ಆ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂದು ನಾನು ಇಲ್ಲಿ ವಾದಿಸುವುದಿಲ್ಲ. ಮಟ್ಟಗಳನ್ನು ಭವಿಷ್ಯವಾಣಿಯೆಂದು ತಿಳಿಯದೆ, ಮೊದಲೇ ಬರೆದಿಟ್ಟ ವೇಳಾಪಟ್ಟಿಯೆಂದು ಬಳಸಿದರೆ ಏನಾಗುತ್ತದೆ ಎಂಬುದನ್ನಷ್ಟೇ ನೋಡೋಣ.

2024ರ ಸೆಪ್ಟೆಂಬರ್ 30ಕ್ಕೆ ನಿಫ್ಟಿ ಸುಮಾರು 25,810ರಲ್ಲಿ ಮುಗಿಯಿತು. ಮೂರು ದಿನ ಹಿಂದಷ್ಟೇ 26,277ರ ಹೊಸ ಎತ್ತರ ಮುಟ್ಟಿತ್ತು. ಒಬ್ಬರ ಕೈಯಲ್ಲಿ ಹನ್ನೆರಡು ಲಕ್ಷ ಇದೆಯೆನ್ನಿ. ಅವರು ಮೂರು ಲಕ್ಷದಂತೆ ನಾಲ್ಕು ಕಂತು ಮಾಡುತ್ತಾರೆ. ಮೊದಲನೆಯದು ಅಂದೇ, 25,800ರ ಆಸುಪಾಸಿಗೆ. ಎರಡನೆಯದು 25,000ಕ್ಕೆ, ಏಕೆಂದರೆ ಆಗಸ್ಟ್ ಆರಂಭದ ಎತ್ತರ ಅಲ್ಲಿತ್ತು. ಮೂರನೆಯದು 23,900ಕ್ಕೆ, ಆಗಸ್ಟ್ 5ರ ಕುಸಿತ ನಿಂತದ್ದು ಅಲ್ಲಿ. ನಾಲ್ಕನೆಯದು 22,000ಕ್ಕೆ, ಜೂನ್ 4ರಂದು ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ದಿನ ಪೇಟೆ ಬಿದ್ದು ಮುಗಿದದ್ದು ಅದರ ಸನಿಹ. ಇದು ಪುಸ್ತಕದಲ್ಲಿ ಹೇಳಿಕೊಟ್ಟಂಥ ಯೋಜನೆ, ಮತ್ತು ಆ ವರ್ಷ ಪೇಟೆಯೂ ಅವರ ಮಾತು ಕೇಳಿತು. ಅಕ್ಟೋಬರ್ ಮೊದಲ ವಾರದಲ್ಲಿ 25,000, ನವೆಂಬರ್‌ನಲ್ಲಿ 23,900, 2025ರ ಮಾರ್ಚ್ 4ರಂದು 22,000, ಮೂರೂ ಸಿಕ್ಕಿದವು. ಅವರಿಗೆ ಬಿದ್ದ ಬೆಲೆ ಸುಮಾರು 24,090. ಸೆಪ್ಟೆಂಬರ್ 30ಕ್ಕೇ ಎಲ್ಲವನ್ನೂ ಹಾಕಿದವರಿಗಿಂತ ಶೇಕಡಾ 7ರಷ್ಟು ಹೆಚ್ಚು ಯೂನಿಟ್.

ಆದರೆ ಮೂರನೆಯ ಒಬ್ಬರನ್ನು ಇಲ್ಲಿ ತರಬೇಕು. ಇವರು ಚಾರ್ಟ್ ತೆರೆದೇ ನೋಡಿಲ್ಲ. ಸೆಪ್ಟೆಂಬರ್‌ನಿಂದ ಫೆಬ್ರವರಿಯವರೆಗೆ ಆರು ತಿಂಗಳು, ಪ್ರತಿ ತಿಂಗಳ ಕೊನೆಯ ವಹಿವಾಟಿನ ದಿನ ಎರಡು ಲಕ್ಷ ಹಾಕಿದ್ದಾರೆ. 25,811, 24,205, 24,131, 23,645, 23,508, 22,125: ಇವು ಆ ದಿನಗಳ ಮುಕ್ತಾಯದ ಅಂಕಿಗಳು. ಇವರಿಗೆ ಬಿದ್ದ ಬೆಲೆ ಸುಮಾರು 23,850. ಅಂದರೆ ಎಲ್ಲ ಮಟ್ಟಗಳೂ ಸಿಕ್ಕಿದ, ಚಾರ್ಟಿನವರಿಗೆ ಅತ್ಯಂತ ಅನುಕೂಲವಾಗಿದ್ದ ಅವಧಿಯಲ್ಲಿಯೂ ಕ್ಯಾಲೆಂಡರಿನವರು ಒಂದು ಕೂದಲು ಮುಂದೆಯೇ ಇದ್ದಾರೆ. ಇದೇ ಕಂತನ್ನು ಹನ್ನೆರಡು ತಿಂಗಳಿಗೆ ಎಳೆದಿದ್ದರೆ ಬೆಲೆ 24,190ರ ಹತ್ತಿರ ಬೀಳುತ್ತಿತ್ತು, ಆಗ ಚಾರ್ಟಿನವರು ತುಸು ಮುಂದೆ. ಮೂರರ ನಡುವಿನ ವ್ಯತ್ಯಾಸ ಶೇಕಡಾ ಒಂದೂವರೆಯೂ ಇಲ್ಲ. ಇಳಿಯುವ ಪೇಟೆಯಲ್ಲಿ ಹಣವನ್ನು ಹರಡಿದ್ದೇ ಮುಖ್ಯವಾಯಿತೇ ಹೊರತು ಹೇಗೆ ಹರಡಿದರು ಎಂಬುದು ಅಷ್ಟಾಗಿ ಅಲ್ಲ. ಆರು ತಿಂಗಳ ಕಂತಿನವರಿಗಿಂತ ಚಾರ್ಟಿನವರು ಹಿಂದೆ ಬಿದ್ದದ್ದೇಕೆಂದರೆ, ಅವರ ಅರ್ಧ ಹಣ ಮೊದಲ ಒಂದೇ ವಾರದಲ್ಲಿ 25,000ದ ಮೇಲೆಯೇ ಖರ್ಚಾಗಿತ್ತು.

ಇದೇ ತೊಂದರೆ ದೊಡ್ಡ ಕುಸಿತದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. 2008ರ ಜನವರಿ 8ರಂದು ನಿಫ್ಟಿ 6,357 ಮುಟ್ಟಿತು. ಜನವರಿ 22ರಂದು 4,448ಕ್ಕೆ ಬಂದಿತ್ತು. ಎರಡು ವಾರದಲ್ಲಿ ಶೇಕಡಾ 30. ಐದು, ಹತ್ತು, ಹದಿನೈದು ಶೇಕಡಾ ಇಳಿದರೆ ಎಂದು ಮಟ್ಟ ಇಟ್ಟವರ ಎಲ್ಲ ಕಂತುಗಳೂ ಆ ಎರಡು ವಾರದಲ್ಲಿ ಮುಗಿದವು, ಮತ್ತು ಪೇಟೆ ಅಕ್ಟೋಬರ್ 27ರಂದು 2,252ಕ್ಕೆ ಬರುವವರೆಗೆ ಅವರು ಬರಿಗೈಯಲ್ಲಿ ನೋಡುತ್ತ ಕುಳಿತರು. ಹೆಸರಿಗೆ ನಾಲ್ಕು ಕಂತು, ನಡೆದದ್ದು ಹೆಚ್ಚುಕಡಿಮೆ ಲಂಪ್‌ಸಮ್. ಹಾಗಾಗಿ ಮಟ್ಟದ ಯೋಜನೆಗೆ ನಾನು ಸೇರಿಸುವ ಮೊದಲ ಷರತ್ತು ಇದು: ಎಷ್ಟೇ ಬೇಗ ಮಟ್ಟ ಸಿಕ್ಕಿದರೂ ಎರಡು ಕಂತುಗಳ ನಡುವೆ ಕನಿಷ್ಠ ಒಂದು ತಿಂಗಳ ಅಂತರ ಇರಬೇಕು. 2024ರ ಉದಾಹರಣೆಯಲ್ಲಿ ಈ ಷರತ್ತು ಇದ್ದಿದ್ದರೆ ಎರಡನೇ ಕಂತು 25,000ಕ್ಕೆ ಹೋಗದೆ ಅಕ್ಟೋಬರ್ ಕೊನೆಗೆ 24,205ಕ್ಕೆ ಹೋಗುತ್ತಿತ್ತು. ಪ್ರತಿ ಸಲವೂ ಹೀಗೆ ಲಾಭವೇ ಆಗುತ್ತದೆಂದಲ್ಲ. ಮಟ್ಟ ಮುಟ್ಟಿ ಅಲ್ಲಿಂದಲೇ ಏರಿದರೆ ಈ ಅಂತರದಿಂದ ನಷ್ಟವೂ ಆಗುತ್ತದೆ.

ಈಗ ಇದಕ್ಕಿಂತ ಗಂಭೀರವಾದ ತೊಂದರೆ. 2020ರ ನವೆಂಬರ್ 27ಕ್ಕೆ ನಿಫ್ಟಿ 12,969ರಲ್ಲಿ ಮುಗಿದಿತ್ತು. ಕೊರೋನಾದ ಕುಸಿತದಲ್ಲಿ 7,511ಕ್ಕೆ ಹೋಗಿದ್ದ ಪೇಟೆ ಎಂಟು ತಿಂಗಳಲ್ಲಿ ಹಳೆಯ ಎತ್ತರವಾದ 12,430ನ್ನು ದಾಟಿ ನಿಂತಿತ್ತು. ಚಾರ್ಟ್ ಓದುವವರಿಗೆ ಇಲ್ಲಿ ಒಂದು ಪಾಠ ಬಾಯಿಪಾಠವಾಗಿರುತ್ತದೆ: ದಾಟಿದ ಹಳೆಯ ತಡೆ ಇನ್ನು ಮುಂದೆ ಆಧಾರ, ಬೆಲೆ ಒಮ್ಮೆ ಅಲ್ಲಿಗೆ ಮರಳಿ ಬಂದು ಮುಟ್ಟಿ ಹೋಗುತ್ತದೆ. ಆ ಪಾಠದ ಪ್ರಕಾರ ನಮ್ಮ ಹನ್ನೆರಡು ಲಕ್ಷದವರು ಮೂರು ಲಕ್ಷ ಅಂದೇ ಹಾಕಿ, ಎರಡನೆಯದನ್ನು 12,430ಕ್ಕೆ, ಉಳಿದವನ್ನು ಅದಕ್ಕಿಂತ ಕೆಳಗಿನ ಹಳೆಯ ತಗ್ಗುಗಳಿಗೆ ಇಟ್ಟರೆನ್ನಿ. ಬೆಲೆ ಅಲ್ಲಿಗೆ ಮರಳಿ ಬರಲಿಲ್ಲ. ಡಿಸೆಂಬರ್ ಕೊನೆಗೆ 13,982, 2021ರ ಅಕ್ಟೋಬರ್‌ನಲ್ಲಿ 18,604. ಮುಂದಿನ ದೊಡ್ಡ ಇಳಿತ 2022ರ ಜೂನ್‌ನಲ್ಲಿ ಬಂದರೂ ಅದು 15,183ಕ್ಕೆ ನಿಂತಿತು. ಇವರ ಒಂಬತ್ತು ಲಕ್ಷ ಎರಡನೇ ಕಂತಿಗೂ ಮುನ್ನವೇ ನಿಂತುಹೋಯಿತು.

ಇದು ಒಬ್ಬರ ದುರದೃಷ್ಟದ ಕತೆಯಲ್ಲ, ಯೋಜನೆಯ ರಚನೆಯಲ್ಲೇ ಇರುವ ಓರೆ. ಇಳಿದಾಗ ಮಾತ್ರ ಕೊಳ್ಳುತ್ತೇನೆ ಎಂದವರ ಹಣ ಪೇಟೆ ಇಳಿದರೆ ಪೂರ್ತಿ ಒಳಗೆ ಹೋಗುತ್ತದೆ, ಏರಿದರೆ ಹೊರಗೇ ಉಳಿಯುತ್ತದೆ. ಅವರಿಗೆ ಸಿಗುವ ಲಾಭಕ್ಕೆ ಮೇಲ್ಮಿತಿ ಇದೆ. 2024ರಲ್ಲಿ ಎಲ್ಲವೂ ಕೂಡಿಬಂದಾಗ ಅದು ಶೇಕಡಾ 7. ಕಳೆದುಕೊಳ್ಳುವುದಕ್ಕೆ ಮಿತಿಯಿಲ್ಲ, ಏಕೆಂದರೆ ಪೇಟೆ ಎಷ್ಟು ವರ್ಷ ಏರುತ್ತದೋ ಅಷ್ಟು ವರ್ಷ ಅವರು ಕಾಯಬಹುದು. ಕ್ಯಾಲೆಂಡರಿನವರಿಗೆ ಈ ಅಪಾಯ ಇಲ್ಲ, ಅವರ ಕೊನೆಯ ಕಂತಿಗೊಂದು ದಿನಾಂಕ ಇದೆ. ಆದ್ದರಿಂದ ಮಟ್ಟದ ಪ್ರತಿ ಕಂತಿಗೂ ಒಂದು ಗಡುವು ಬೇಕು ಎನ್ನುವುದು ಎರಡನೆಯ ಷರತ್ತು, ಮತ್ತು ಮೊದಲನೆಯದನ್ನು ಮರೆತರೂ ಇದನ್ನು ಮರೆಯಬಾರದು. ಎರಡನೇ ಕಂತಿಗೆ ಎರಡು ತಿಂಗಳು, ಮೂರನೆಯದಕ್ಕೆ ನಾಲ್ಕು, ನಾಲ್ಕನೆಯದಕ್ಕೆ ಆರು. ಅಷ್ಟರೊಳಗೆ ಮಟ್ಟ ಸಿಕ್ಕಿದರೆ ಆ ದಿನ, ಸಿಗದಿದ್ದರೆ ಗಡುವಿನ ದಿನ ಇರುವ ಬೆಲೆಗೆ, ಯಾವ ಚರ್ಚೆಯೂ ಇಲ್ಲದೆ.

ಈ ಗಡುವನ್ನು 2020ರ ಉದಾಹರಣೆಗೆ ಹಚ್ಚಿ ನೋಡಿ. ಎರಡನೇ ಕಂತು ಜನವರಿ ಕೊನೆಗೆ 13,635ಕ್ಕೆ, ಮೂರನೆಯದು ಮಾರ್ಚ್ ಕೊನೆಗೆ 14,691ಕ್ಕೆ, ನಾಲ್ಕನೆಯದು ಮೇ ಕೊನೆಗೆ 15,583ಕ್ಕೆ ಹೋಗುತ್ತಿತ್ತು. ಬೀಳುವ ಬೆಲೆ ಸುಮಾರು 14,150. ಮೊದಲ ದಿನವೇ ಎಲ್ಲವನ್ನೂ ಹಾಕಿದವರಿಗಿಂತ ಶೇಕಡಾ 8ರಷ್ಟು ಕಡಿಮೆ ಯೂನಿಟ್. ನೋವಿನ ಅಂಕಿಯೇ ಸರಿ, ಆದರೆ ಮಿತಿಯುಳ್ಳ ನೋವು. ಈಗ ಎರಡೂ ಬದಿ ಹೆಚ್ಚುಕಡಿಮೆ ಸಮತೂಕಕ್ಕೆ ಬಂದವು.

ಇಲ್ಲಿ ಮುಂದಿನ ಸಾಲಿನ ಮಾಸ್ತರರೊಬ್ಬರು ಒಂದು ಮಾತು ಕೇಳಿದರು: “ಹಾಗಾದರೆ ಗಡುವು ಇಟ್ಟ ಮೇಲೆ ಅದು ಕ್ಯಾಲೆಂಡರಿನ ಕಂತೇ ಆಯಿತಲ್ಲ, ಮತ್ತೆ ಚಾರ್ಟ್ ಯಾಕೆ?” ಬಹಳ ಸರಿಯಾದ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಬೆಲೆಯ ದೃಷ್ಟಿಯಿಂದ ಚಾರ್ಟ್ ಬೇಕಾಗಿಲ್ಲ. ಅದರಿಂದ ಆಗುವ ಉಪಕಾರ ಬೇರೆ. ಪೇಟೆ ಬಿದ್ದ ದಿನ ಟಿವಿಯಲ್ಲಿ ಕೆಂಪು ಪಟ್ಟಿ ಓಡುತ್ತಿರುವಾಗ ಕ್ಯಾಲೆಂಡರಿನ ಕಂತನ್ನು ‘ಮುಂದಿನ ತಿಂಗಳು ನೋಡೋಣ’ ಎಂದು ನಿಲ್ಲಿಸಿಬಿಡುವವರು ಹಲವರು. ಅದೇ ಮನುಷ್ಯನಿಗೆ 22,000ಕ್ಕೆ ಬಂದರೆ ಕೊಳ್ಳುತ್ತೇನೆ ಎಂದು ಮೊದಲೇ ತಾನೇ ಬರೆದಿಟ್ಟದ್ದಿದ್ದರೆ ಆ ಕುಸಿತ ಕಾದಿದ್ದ ಸಂಗತಿಯಾಗುತ್ತದೆ, ಬಟನ್ ಒತ್ತಲು ಕೈ ಬರುತ್ತದೆ. ಆ ಸಹಾಯ ಬೇಡದವರು, ಬಿದ್ದರೂ ಎದ್ದರೂ ತಿಂಗಳ ಕೊನೆಗೆ ಹಾಕಬಲ್ಲವರು, ಹಣವನ್ನು ಅಲ್ಪಾವಧಿ ಸಾಲಪತ್ರಗಳ ಲಿಕ್ವಿಡ್ ಫಂಡಿನಲ್ಲಿಟ್ಟು, ಅಲ್ಲಿಂದ ತಿಂಗಳು ತಿಂಗಳು ಇಂಡೆಕ್ಸ್ ಫಂಡಿಗೆ ತಾನಾಗಿ ಹೋಗುವ ಎಸ್‌ಟಿಪಿ ಹಾಕಿ ಸುಮ್ಮನಿರುವುದೇ ಮೇಲು. ಮತ್ತೆ, ಹನ್ನೆರಡು ಲಕ್ಷವನ್ನು ನಾಳೆ ಹಾಕಲು ಭಯ, ಆರು ತಿಂಗಳ ನಂತರ ಅದು ಪೂರ್ತಿ ಒಳಗಿರುವುದಕ್ಕೆ ಭಯವಿಲ್ಲ ಎಂದರೆ ಸ್ವಲ್ಪ ಯೋಚಿಸಬೇಕು. ಆರು ತಿಂಗಳ ಮರುದಿನ ಪೇಟೆ ಬೀಳಲು ಯಾವ ಅಡ್ಡಿಯೂ ಇಲ್ಲ. ಭಯ ಅಷ್ಟಿದ್ದರೆ ಕಂತಿನ ಸಂಖ್ಯೆಯನ್ನಲ್ಲ, ಮೊತ್ತವನ್ನೇ ಎಂಟು ಲಕ್ಷಕ್ಕೆ ಇಳಿಸುವುದು ಸರಿ.

ಇನ್ನು ಕಾರ್ಯರೂಪಕ್ಕೆ ತರುವಾಗ ಎಡವುವ ಜಾಗಗಳು. ಚಾರ್ಟಿನ ಮಟ್ಟ ಎನ್ನುವುದು ಗೆರೆಯಲ್ಲ, ಒಂದು ಪಟ್ಟಿ. ನಮ್ಮ 2024ರ ಯೋಜನೆಯಲ್ಲಿ ನಾಲ್ಕನೇ ಕಂತನ್ನು 22,000ದ ಬದಲು 21,900ಕ್ಕೆ ಇಟ್ಟಿದ್ದರೆನ್ನಿ. ಮಾರ್ಚ್ 4ರ ತಗ್ಗು 21,964. ಅರುವತ್ತೈದು ಅಂಕದಲ್ಲಿ ತಪ್ಪಿಹೋಗಿ, ಗಡುವಿನ ಪ್ರಕಾರ ಮಾರ್ಚ್ 28ರಂದು 23,519ಕ್ಕೆ ಕೊಳ್ಳಬೇಕಾಗುತ್ತಿತ್ತು. ಆ ಒಂದು ಕಂತಿನಲ್ಲಿ ಶೇಕಡಾ 7ರಷ್ಟು ದುಬಾರಿ. ಆದ್ದರಿಂದ ಹಳೆಯ ತಗ್ಗಿಗಿಂತ ಅರ್ಧ ಶೇಕಡಾ ಮೇಲೆಯೇ ಬೆಲೆ ಇಡುವುದು ಒಳ್ಳೆಯದು.

ಎರಡನೆಯದಾಗಿ, ಇಂಡೆಕ್ಸ್ ಫಂಡಿನಲ್ಲಿ ನಿಮಗೆ ಸಿಗುವುದು ದಿನದ ಮುಕ್ತಾಯದ ಎನ್‌ಎವಿ, ಅಂದರೆ ಆ ದಿನದ ಯೂನಿಟ್ ಬೆಲೆ, ಅದೂ ಮಧ್ಯಾಹ್ನ ಮೂರು ಗಂಟೆಯೊಳಗೆ ಹಣ ಫಂಡಿಗೆ ತಲುಪಿದರೆ ಮಾತ್ರ. 2025ರ ಏಪ್ರಿಲ್ 7ರಂದು, ಅಮೆರಿಕದ ಸುಂಕದ ಘೋಷಣೆಯಾದ ಮೇಲಿನ ಸೋಮವಾರ, ನಿಫ್ಟಿ ಬೆಳಿಗ್ಗೆ 21,743ಕ್ಕೆ ಇಳಿದು ಸಂಜೆ 22,161ರಲ್ಲಿ ಮುಗಿಯಿತು. ಬೆಳಿಗ್ಗೆ ಮಟ್ಟ ನೋಡಿ ಫಂಡಿಗೆ ಅರ್ಜಿ ಹಾಕಿದವರಿಗೆ ಬಿದ್ದದ್ದು ಸಂಜೆಯ ಬೆಲೆ. ಮಟ್ಟಕ್ಕೇ ಕೊಳ್ಳಬೇಕೆಂದರೆ ಷೇರಿನಂತೆ ಪೇಟೆಯಲ್ಲೇ ಕೊಳ್ಳಬಹುದಾದ ಫಂಡ್, ಅಂದರೆ ಇಟಿಎಫ್ ಬೇಕು, ಮತ್ತು ನಾವು ಹೇಳಿದ ಬೆಲೆಗಿಂತ ಹೆಚ್ಚಿಗೆ ಕೊಳ್ಳದ ಲಿಮಿಟ್ ಆರ್ಡರ್ ಬೇಕು. ಬ್ರೋಕರ್ ಆ್ಯಪ್‌ನಲ್ಲಿ ಜಿಟಿಟಿ ಎಂದು ಇಟ್ಟರೆ, ಆ ಬೆಲೆ ಬಂದಾಗ ಆರ್ಡರ್ ತಾನಾಗಿ ಹೋಗುತ್ತದೆ, ದಿನವೂ ನೋಡಬೇಕಾಗಿಲ್ಲ. ಆದರೆ ಜಿಟಿಟಿಯಲ್ಲಿ ಬರೆಯಬೇಕಾದದ್ದು ಇಟಿಎಫ್‌ನ ಬೆಲೆ, ನಿಫ್ಟಿಯ ಅಂಕಿಯಲ್ಲ. ನಿಫ್ಟಿ ಬೀಸ್‌ನಂಥ ಇಟಿಎಫ್‌ನ ಬೆಲೆ ಸೂಚ್ಯಂಕದ ಸರಿಯಾಗಿ ನೂರನೇ ಒಂದು ಪಾಲೂ ಅಲ್ಲ, ಡಿವಿಡೆಂಡ್ ಒಳಗೇ ಸೇರಿಕೊಂಡು ಅದಕ್ಕಿಂತ ಮೇಲಿರುತ್ತದೆ. ಇಂದಿನ ಇಟಿಎಫ್ ಬೆಲೆಯನ್ನು ಇಂದಿನ ನಿಫ್ಟಿಯಿಂದ ಭಾಗಿಸಿ, ಬಂದ ಅನುಪಾತದಿಂದ ನಿಮ್ಮ ಮಟ್ಟವನ್ನು ಗುಣಿಸಿ.

ಮೂರನೆಯದು ಹಣ ಎಲ್ಲಿ ಕಾಯುತ್ತದೆ ಎಂಬುದು. ಲಿಕ್ವಿಡ್ ಫಂಡಿನಲ್ಲಿ ಇಟ್ಟರೆ ಏಳನೇ ದಿನದಿಂದ ತೆಗೆಯಲು ಶುಲ್ಕವಿಲ್ಲ, ಆದರೆ ಇಂದು ತೆಗೆದ ಹಣ ಸಾಮಾನ್ಯವಾಗಿ ಮರುದಿನ ಕೈಗೆ ಬರುತ್ತದೆ, ಮತ್ತು ಏಪ್ರಿಲ್ 7ರಂಥ ಬೆಲೆ ಮರುದಿನದವರೆಗೆ ಕಾಯುವುದಿಲ್ಲ. ಮುಂದಿನ ಒಂದು ಕಂತಿನ ಹಣವನ್ನು ಮಾತ್ರ ಡಿಮ್ಯಾಟಿಗೆ ಜೋಡಿಸಿದ ಉಳಿತಾಯ ಖಾತೆಯಲ್ಲಿ ಸಿದ್ಧವಾಗಿಟ್ಟು, ಉಳಿದದ್ದನ್ನು ಫಂಡಿನಲ್ಲಿ ಬಿಡಿ. ಸಹಕಾರಿ ಬ್ಯಾಂಕಿನ ಅವಧಿ ಠೇವಣಿಯಲ್ಲಿ ಇಟ್ಟವರು ಅವಧಿಗೆ ಮುನ್ನ ಮುರಿದರೆ ಎಷ್ಟು ಬಡ್ಡಿ ಕಡಿತ ಎಂದು ಮೊದಲೇ ಕೇಳಿಕೊಳ್ಳಿ. ಆ ಕಡಿತ ನೋಡಿ ಮನಸ್ಸು ಹಿಂಜರಿದು ಕಂತು ತಪ್ಪುವುದುಂಟು.

ಕೊನೆಯಲ್ಲಿ ಇನ್ನೊಬ್ಬರು ಕೇಳಿದ್ದು: ಗಡುವಿನ ದಿನ ಕೊನೆಯ ಕಂತನ್ನೂ ಹಾಕಿದ ಮೇಲೆ ಬೇಕಾಗಿದ್ದ ಮಟ್ಟ ಬಂದರೆ? 21,900ಕ್ಕೆ ಇಟ್ಟವರಿಗೆ ಆದದ್ದು ಅದೇ. ಮಾರ್ಚ್ 28ರಂದು 23,519ಕ್ಕೆ ಹಾಕಿದರು, ಹತ್ತು ದಿನದಲ್ಲಿ ಏಪ್ರಿಲ್ 7 ಬಂತು. ಆಗ ಕೊಳ್ಳಲು ಹಣವಿಲ್ಲ, ಮಾರಿ ಮತ್ತೆ ಕೊಳ್ಳುವುದು ತೆರಿಗೆಗೂ ಲೆಕ್ಕಕ್ಕೂ ಕೆಟ್ಟದ್ದು, ಬೇರೆ ಠೇವಣಿ ಮುರಿದು ಹಾಕಿದರೆ ಮೊದಲೇ ತೀರ್ಮಾನಿಸಿದ್ದ ಪಾಲು ಮೀರುತ್ತದೆ. ಹಾಗಾಗಿ ಆ ದಿನ ಮಾಡಬೇಕಾದ ಕೆಲಸ ಏನೂ ಇಲ್ಲ. ಉಳಿದುಹೋದ ಜಿಟಿಟಿ ಇದ್ದರೆ ಅದನ್ನು ಗಡುವಿನ ದಿನವೇ ರದ್ದು ಮಾಡಿರಬೇಕು, ಇಲ್ಲವಾದರೆ ಖಾತೆಯಲ್ಲಿ ಮನೆಖರ್ಚಿಗೆ ಇಟ್ಟ ಹಣಕ್ಕೆ ಅದು ಕೈ ಹಾಕುತ್ತದೆ.